ಮೂರು ವಾರ ಬದುಕುವ ಬ್ರಾಂಚ್‌ಗಳನ್ನು ಬಿಟ್ಟು ಟ್ರಂಕ್‌ಗೆ ಬರಬೇಕಾ?

ಪ್ರಶ್ನೆ: ನಮ್ಮದು 24 ಡೆವಲಪರ್‌ಗಳ ತಂಡ, ನಾಲ್ಕು ಗುಂಪು. `develop`ನಿಂದ ಫೀಚರ್ ಬ್ರಾಂಚ್ ತೆಗೆದು ಮೂರು ನಾಲ್ಕು ವಾರ ಕೆಲಸ ಮಾಡ್ತೀವಿ, ರಿಲೀಸ್‌ಗೆ ಮುಂಚೆ ಎಲ್ಲವನ್ನೂ ಮರ್ಜ್ ಮಾಡ್ತೀವಿ. ಆ ವಾರ ಪೂರ್ತಿ ತಲೆನೋವು. ಟ್ರಂಕ್ ಬೇಸ್ಡ್‌ಗೆ ಹೋಗೋಣ, ಎಲ್ಲರೂ ದಿನಾ ಒಂದೇ `main`ಗೆ ಹಾಕೋಣ ಅಂತ ಕೆಲವರು, ಅರ್ಧ ಮುಗಿದ ಕೋಡ್ ಗ್ರಾಹಕರಿಗೆ ಹೋಗುತ್ತೆ ಅಂತ ಉಳಿದವರು. ಟೆಸ್ಟ್ ಓಡೋಕೆ 50 ನಿಮಿಷ ಬೇಕು. ಜೊತೆಗೆ ಇಬ್ಬರು ದೊಡ್ಡ ಗ್ರಾಹಕರು ಹಳೇ ಆವೃತ್ತಿಯನ್ನು ತಮ್ಮದೇ ಸರ್ವರ್‌ನಲ್ಲಿ ಓಡಿಸ್ತಾರೆ. ಏನು ಮಾಡಬೇಕು?

ಉತ್ತರ: ಟ್ರಂಕ್‌ಗೆ ಬನ್ನಿ, ಆದರೆ ಮುಂದಿನ ಸೋಮವಾರವೇ ಬೇಡ. ಮೊದಲು ಆ 50 ನಿಮಿಷ ಇಳಿಯಬೇಕು. ನಿಮ್ಮ ಇಬ್ಬರು ದೊಡ್ಡ ಗ್ರಾಹಕರಿಗೆ ಹೆಚ್ಚು ದಿನ ಬದುಕುವ ಬ್ರಾಂಚ್ ಬೇಕೇ ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದು ರಿಲೀಸ್ ಬ್ರಾಂಚ್ ಆಗಿರಲಿ. ಹೊಸ ಕೆಲಸ ನಡೆಯುವ ಜಾಗ ಅದಾಗಬಾರದು.

ತಲೆನೋವು ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡೋಣ. ಮರ್ಜ್ ಕಷ್ಟ ಅಂದಾಗ ಎಲ್ಲರ ಕಣ್ಣ ಮುಂದೆ ಬರುವುದು ಗಿಟ್ ತೋರಿಸುವ ಆ `<<<<<<<` ಗೆರೆಗಳು. ನಿಜ ಹೇಳಬೇಕೆಂದರೆ ಅವು ಒಳ್ಳೆಯವು. ಇಲ್ಲಿ ಜಗಳ ಇದೆ ಅಂತ ಬಾಯಿಬಿಟ್ಟು ಹೇಳುತ್ತವೆ. ಹಾಳು ಮಾಡುವುದು ಗಿಟ್ ಸದ್ದಿಲ್ಲದೆ ಸೇರಿಸಿಬಿಡುವ ಬದಲಾವಣೆಗಳು.

ನಾನು ಹಿಂದೆ ಇದ್ದ ಒಂದು ತಂಡದಲ್ಲಿ ನಡೆದದ್ದು ಹೇಳುತ್ತೇನೆ. ಬಿಲ್ಲಿನ ಮೊತ್ತ ಕೊಡುವ ಒಂದು ಫಂಕ್ಷನ್ ಇತ್ತು, ಹೆಸರು `invoice_total`. ಅದು ತೆರಿಗೆ ಬಿಟ್ಟು ಮೊತ್ತ ಕೊಡುತ್ತಿತ್ತು. ಒಂದು ಗುಂಪು ತನ್ನ ಬ್ರಾಂಚ್‌ನಲ್ಲಿ ಅದನ್ನು ತೆರಿಗೆ ಸೇರಿಸಿ ಕೊಡುವಂತೆ ಬದಲಾಯಿಸಿತು. ಅದನ್ನು ಕರೆಯುತ್ತಿದ್ದ ಹನ್ನೊಂದು ಜಾಗಗಳನ್ನೂ ಹುಡುಕಿ ಸರಿಮಾಡಿತು. ಅದೇ ಹೊತ್ತಿಗೆ ಇನ್ನೊಂದು ಗುಂಪು ಬೇರೆ ಬ್ರಾಂಚ್‌ನಲ್ಲಿ ಹೊಸ ರಸೀದಿ ಪುಟ ಕಟ್ಟುತ್ತಿತ್ತು. ಅಲ್ಲಿ ಹನ್ನೆರಡನೇ ಕರೆ ಹುಟ್ಟಿತು. ಹಳೇ ಲೆಕ್ಕ ನಂಬಿಕೊಂಡು ಅವರು ಮೇಲೆ ತೆರಿಗೆ ಸೇರಿಸಿದರು. ಎರಡೂ ಬ್ರಾಂಚ್‌ನಲ್ಲಿ ಟೆಸ್ಟ್ ಹಸಿರು. ಎರಡೂ ಬೇರೆ ಬೇರೆ ಫೈಲ್‌ಗಳು, ಹಾಗಾಗಿ ಗಿಟ್ ಒಂದು ಮಾತೂ ಆಡಲಿಲ್ಲ. ಮರ್ಜ್ ಆದಮೇಲೂ ಟೆಸ್ಟ್ ಹಸಿರು, ಯಾಕೆಂದರೆ ರಸೀದಿ ಪುಟದ ಟೆಸ್ಟ್‌ನಲ್ಲಿ ಆ ಫಂಕ್ಷನ್ ಬದಲು ನಕಲಿ ಮೊತ್ತ ಇಟ್ಟಿದ್ದರು. ರಸೀದಿಯಲ್ಲಿ ಎರಡು ಸಲ ತೆರಿಗೆ ಬೀಳುತ್ತಿದೆ ಅಂತ ಗೊತ್ತಾಗಿದ್ದು ಗ್ರಾಹಕರ ದೂರಿನಿಂದ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಎರಡೂ ಗುಂಪುಗಳು ದಿನಾ ಬೆಳಿಗ್ಗೆ `develop`ನಿಂದ ಹೊಸದನ್ನು ಎಳೆದುಕೊಳ್ಳುತ್ತಿದ್ದವು. "ನಾವು ಪ್ರತಿದಿನ ಸಿಂಕ್ ಮಾಡ್ತೀವಿ, ನಮಗೇನೂ ತೊಂದರೆ ಇಲ್ಲ" ಅನ್ನುವ ಮಾತು ನಿಮ್ಮ ತಂಡದಲ್ಲೂ ಕೇಳಿರಬಹುದು. ಆದರೆ ಇಬ್ಬರೂ `develop`ನಿಂದ ಎಳೆಯುತ್ತಾರೆ, ಯಾರೂ ಅಲ್ಲಿಗೆ ಹಾಕುವುದಿಲ್ಲ ಎಂದರೆ, ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣುವುದೇ ಇಲ್ಲ. ಖಾಲಿ ಬಾವಿಗೆ ದಿನಾ ಕೊಡ ಇಳಿಸಿದ ಹಾಗೆ. ಎಳೆದುಕೊಳ್ಳುವುದು ಬೇರೆ, ಸೇರಿಸುವುದು ಬೇರೆ. ಟ್ರಂಕ್ ಅಂದರೆ ಎರಡನೆಯದು: ಪ್ರತಿಯೊಬ್ಬರೂ ದಿನಕ್ಕೊಮ್ಮೆಯಾದರೂ ತಮ್ಮ ಕೆಲಸವನ್ನು `main`ಗೆ ಹಾಕುವುದು. ಬ್ರಾಂಚ್ ಇರಲೇಬಾರದು ಅಂತೇನಿಲ್ಲ. ಒಂದೆರಡು ದಿನ ಬದುಕಿ ಸಾಯುವ ಬ್ರಾಂಚ್ ಎಷ್ಟಾದರೂ ಇರಲಿ.

ನಿಮ್ಮಲ್ಲಿ ಪರಿಸ್ಥಿತಿ ಹೇಗಿದೆ ಅಂತ ಅಳೆಯೋಕೆ ಮೂರು ಕಮಾಂಡ್ ಸಾಕು. `feature/invoice` ಇದ್ದಲ್ಲಿ ನಿಮ್ಮ ಬ್ರಾಂಚ್ ಹೆಸರು ಹಾಕಿಕೊಳ್ಳಿ.

```
git fetch origin
git rev-list --left-right --count origin/develop...origin/feature/invoice
git log --reverse --format=%cr origin/develop..origin/feature/invoice | head -1
```

`rev-list` ಎರಡು ಸಂಖ್ಯೆ ಕೊಡುತ್ತದೆ. ಎಡಗಡೆಯದು ಬ್ರಾಂಚ್‌ಗೆ ಇನ್ನೂ ಬಾರದ ಕಮಿಟ್‌ಗಳು, ಬಲಗಡೆಯದು ಬೇರೆಯವರಿಗೆ ಕಾಣದೆ ಉಳಿದಿರುವ ನಿಮ್ಮ ಕಮಿಟ್‌ಗಳು. ಎಲ್ಲರೂ ಎಡಗಡೆ ನೋಡಿ ಸಮಾಧಾನ ಪಡುತ್ತಾರೆ. ನೀವು ಬಲಗಡೆ ನೋಡಿ. ಕೊನೆಯ ಸಾಲು, ಆ ಕಾಣದ ಕೆಲಸದಲ್ಲಿ ಅತಿ ಹಳೆಯದು ಎಷ್ಟು ದಿನದ್ದು ಅಂತ ಹೇಳುತ್ತದೆ. ಎಲ್ಲ ಬ್ರಾಂಚ್‌ಗಳಿಗೂ ಇದನ್ನು ಓಡಿಸಿ ಒಂದು ಪಟ್ಟಿ ಮಾಡಿ ಗೋಡೆಗೆ ಹಾಕಿ. ಆರು ಬ್ರಾಂಚ್ ಇದ್ದರೆ ಒಂದಕ್ಕೊಂದು ಡಿಕ್ಕಿ ಹೊಡೆಯಬಹುದಾದ ಜೋಡಿ ಹದಿನೈದು. ಹತ್ತು ಬ್ರಾಂಚ್ ಆದರೆ ನಲವತ್ತೈದು. ಆ ಜೋಡಿಗಳಲ್ಲಿ ಯಾವುದನ್ನೂ ಯಾರೂ ಪರೀಕ್ಷೆ ಮಾಡಿಲ್ಲ.

ಈಗ ನಿಮ್ಮ ನಿಜವಾದ ಭಯಕ್ಕೆ ಬರೋಣ. ಅರ್ಧ ಮುಗಿದ ಕೋಡ್ ಗ್ರಾಹಕರಿಗೆ ಹೋಗುತ್ತಾ? ಹೋಗುತ್ತದೆ. ಹೋಗಲಿ. ಅದು ಅಲ್ಲಿ ಸುಮ್ನೆ ಕೂತಿರಬೇಕು ಅಷ್ಟೇ. ಅಂದರೆ ಮರ್ಜ್ ಮಾಡುವ ನಿರ್ಧಾರ ಒಂದು, ಗ್ರಾಹಕರಿಗೆ ತೋರಿಸುವ ನಿರ್ಧಾರ ಇನ್ನೊಂದು. ಇವೆರಡನ್ನೂ ಬಿಡಿಸಿಡೋಕೆ ನಿಮ್ಮ ತಂಡಕ್ಕೆ ಬರುತ್ತಾ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬಾರದಿದ್ದರೆ ಟ್ರಂಕ್ ಅಪಾಯವೇ ಸರಿ.

ಸಣ್ಣ ಕೆಲಸದಲ್ಲಿ ಇದು ಸುಲಭ: ಬಟನ್ ತೋರಿಸದಿದ್ದರೆ ಆಯ್ತು. "ನಮ್ಮ ಕೆಲಸವನ್ನು ಹಾಗೆ ಒಡೆಯೋಕೆ ಆಗಲ್ಲ" ಅಂತ ಜನ ವಾದ ಮಾಡುವುದು ಡೇಟಾಬೇಸ್ ಬದಲಾವಣೆ ಬಂದಾಗ. ಆದ್ದರಿಂದ ಅದನ್ನೇ ಉದಾಹರಣೆಗೆ ತಗೊಳ್ಳೋಣ.

ಗ್ರಾಹಕರ ಟೇಬಲ್‌ನಲ್ಲಿ `address` ಅಂತ ಒಂದು ಕಾಲಂ ಇದೆ. ಈಗ ಒಬ್ಬ ಗ್ರಾಹಕರಿಗೆ ಹಲವು ವಿಳಾಸ ಬೇಕು, ಅಂದರೆ ಬೇರೆಯೇ ಟೇಬಲ್. ಬ್ರಾಂಚ್ ಪದ್ಧತಿಯಲ್ಲಿ ಇದು ಐದು ವಾರದ ಒಂದೇ ದೊಡ್ಡ ಗಂಟು. ಕೊನೆಯ ರಾತ್ರಿ ಡೇಟಾ ಸಾಗಿಸಬೇಕು, ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ಟ್ರಂಕ್‌ನಲ್ಲಿ ಅದೇ ಕೆಲಸ ಹೀಗೆ ಸಾಗುತ್ತದೆ.

ಮೊದಲ ದಿನ ಹೊಸ ಟೇಬಲ್ ಮಾತ್ರ ಸೇರಿಸಿ. ಅದನ್ನು ಯಾರೂ ಮುಟ್ಟುವುದಿಲ್ಲ, ಹಾಗಾಗಿ ಏನೂ ಮುರಿಯುವುದಿಲ್ಲ. ಇವತ್ತೇ ಮರ್ಜ್, ಇವತ್ತೇ ಡಿಪ್ಲಾಯ್. ಆಮೇಲೆ ಎರಡು ಮೂರು ದಿನ ಬೇಜಾರಿನ ಕೆಲಸ: ವಿಳಾಸ ಬರೆಯುವ ಮತ್ತು ಓದುವ ಎಲ್ಲ ಜಾಗಗಳನ್ನೂ ಒಂದೊಂದು ಫಂಕ್ಷನ್ ಮೂಲಕ ಹೋಗುವ ಹಾಗೆ ಮಾಡಿ. ನಡವಳಿಕೆ ಬದಲಾಗುವುದಿಲ್ಲ, ಹಾಗಾಗಿ ಪ್ರತಿ ತುಣುಕನ್ನೂ ಆಗಾಗಲೇ `main`ಗೆ ಹಾಕಬಹುದು. ಈ ಹಂತ ಬಿಟ್ಟವರು ಆಮೇಲೆ ನಲವತ್ತು ಕಡೆ `if` ಬರೆಯುತ್ತಾ ಕೂರುತ್ತಾರೆ.

ಮೂರನೆಯದು, ಬರೆಯುವ ಫಂಕ್ಷನ್ ಹಳೇ ಕಾಲಂಗೂ ಹೊಸ ಟೇಬಲ್‌ಗೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಲಿ. ಓದುವುದು ಇನ್ನೂ ಹಳೆಯದರಿಂದಲೇ. ಇದು ಪ್ರೊಡಕ್ಷನ್‌ಗೆ ಹೋದಮೇಲೆ ಹಳೇ ಸಾಲುಗಳನ್ನು ಹೊಸ ಟೇಬಲ್‌ಗೆ ನಕಲು ಮಾಡಿ, ಸಾವಿರ ಸಾವಿರದ ಕಂತುಗಳಲ್ಲಿ, ಟೇಬಲ್ ಲಾಕ್ ಆಗದ ಹಾಗೆ. ಈ ಕ್ರಮ ತಪ್ಪಬಾರದು. ಮೊದಲು ನಕಲು ಮಾಡಿ ಆಮೇಲೆ ಎರಡೂ ಕಡೆ ಬರೆಯಲು ಶುರುಮಾಡಿದರೆ, ನಡುವೆ ಬದಲಾದ ವಿಳಾಸಗಳು ಹೊಸ ಟೇಬಲ್‌ನಲ್ಲಿ ಹಳತಾಗಿಯೇ ಉಳಿಯುತ್ತವೆ. ನಕಲು ಮಾಡುವ ಕೋಡ್ ಕೂಡ, ಈಗಾಗಲೇ ಹೊಸ ಟೇಬಲ್‌ನಲ್ಲಿರುವ ಸಾಲನ್ನು ಹಳೇ ಓದಿನಿಂದ ಅಳಿಸಿ ಬರೆಯದ ಹಾಗೆ ಇರಲಿ.

ನಂತರ ಒಂದು ವಾರ ಹೋಲಿಕೆ. ಹಳೆಯದನ್ನು ಓದಿ ಗ್ರಾಹಕರಿಗೆ ಕೊಡಿ, ಜೊತೆಗೆ ಹೊಸದನ್ನೂ ಓದಿ, ಎರಡೂ ಬೇರೆ ಇದ್ದರೆ ಲಾಗ್ ಮಾಡಿ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟದ ಹಂತ ಇದು. ಹಳೇ ಡೇಟಾದಲ್ಲಿರುವ ಖಾಲಿ ವಿಳಾಸ, ಕೊನೆಯಲ್ಲಿ ಸ್ಪೇಸ್ ಇರುವ ವಿಳಾಸ, ಯಾರೋ ಎಂದೋ ನೇರವಾಗಿ ಡೇಟಾಬೇಸ್‌ಗೆ ತುರುಕಿದ್ದು, ಎಲ್ಲ ಇಲ್ಲಿ ಹೊರಗೆ ಬರುತ್ತವೆ. ಲಾಗ್ ಸೊನ್ನೆಗೆ ಬಂದಮೇಲೆ ಫ್ಲ್ಯಾಗ್, ಅಂದರೆ ಮತ್ತೆ ಡಿಪ್ಲಾಯ್ ಮಾಡದೆ ಆನ್ ಆಫ್ ಮಾಡಬಹುದಾದ ಒಂದು ಸ್ವಿಚ್.

```python
def get_address(customer):
    if flags.on("read_address_table", customer.id, default=False):
        return addresses.primary(customer.id)
    return customer.address
```

ಮೊದಲು ನಿಮ್ಮ ಒಳಗಿನವರಿಗೆ, ಆಮೇಲೆ ನೂರಕ್ಕೆ ಐದು ಗ್ರಾಹಕರಿಗೆ, ಆಮೇಲೆ ಎಲ್ಲರಿಗೂ. ತೊಂದರೆ ಕಂಡರೆ ಫ್ಲ್ಯಾಗ್ ಆಫ್ ಮಾಡಿದರೆ ಸಾಕು. ಎರಡೂ ಕಡೆ ಬರೆಯುತ್ತಿರುವುದರಿಂದ ಹಳೇ ಕಾಲಂ ಇನ್ನೂ ತಾಜಾ ಇದೆ. ಎಲ್ಲ ಒಂದೆರಡು ವಾರ ನೆಟ್ಟಗೆ ನಡೆದ ಮೇಲೆ ಫ್ಲ್ಯಾಗ್ ಕಿತ್ತುಹಾಕಿ, ಆಮೇಲೆ ಹಳೇ ಕಾಲಂಗೆ ಬರೆಯುವುದು ನಿಲ್ಲಿಸಿ, ಕೊನೆಗೆ ಕಾಲಂ ತೆಗೆಯಿರಿ. ಒಟ್ಟು ದಿನಗಳನ್ನು ಲೆಕ್ಕ ಹಾಕಿದರೆ ಇದು ಬ್ರಾಂಚ್‌ಗಿಂತ ಕಡಿಮೆ ಆಗುವುದಿಲ್ಲ, ಕೆಲವೊಮ್ಮೆ ಜಾಸ್ತಿಯೇ ಆಗುತ್ತದೆ. ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಯಾವ ದಿನ ನಿಲ್ಲಿಸಿದರೂ `main` ಓಡುವ ಸ್ಥಿತಿಯಲ್ಲಿರುತ್ತದೆ, ಮತ್ತು ಮೊದಲ ವಾರದಿಂದಲೇ ಉಳಿದ ಮೂರು ಗುಂಪುಗಳಿಗೆ ನಿಮ್ಮ ಹೊಸ ಟೇಬಲ್ ಕಾಣುತ್ತಿರುತ್ತದೆ.

ಫ್ಲ್ಯಾಗ್ ಕಿತ್ತುಹಾಕಿ ಅಂದೆನಲ್ಲ, ಅದು ಅಲಂಕಾರದ ಮಾತಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟಿನ ನೈಟ್ ಕ್ಯಾಪಿಟಲ್ ಕಂಪನಿ ಸುಮಾರು 45 ನಿಮಿಷದಲ್ಲಿ 40 ಕೋಟಿ ಡಾಲರ್‌ಗೂ ಜಾಸ್ತಿ ಕಳೆದುಕೊಂಡಿತು. ವರ್ಷಗಟ್ಟಲೆ ಬಳಸದೆ ಬಿಟ್ಟಿದ್ದ ಹಳೇ ಕೋಡ್ ಇನ್ನೂ ಅಲ್ಲೇ ಬಿದ್ದಿತ್ತು. ಅದನ್ನು ಎಬ್ಬಿಸುತ್ತಿದ್ದ ಫ್ಲ್ಯಾಗ್ ಅನ್ನೇ ಹೊಸ ಕೆಲಸಕ್ಕೆ ಮತ್ತೆ ಬಳಸಿದರು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಫ್ಲ್ಯಾಗ್ ಆನ್ ಆದಾಗ ಆ ಒಂದು ಸರ್ವರ್‌ನಲ್ಲಿ ಹಳೇ ಕೋಡ್ ಎದ್ದು ಕೂತಿತು. ಹಾಗಾಗಿ ಒಂದು ಫ್ಲ್ಯಾಗ್ ಹೆಸರನ್ನು ಎರಡನೇ ಸಲ ಬಳಸಲೇಬೇಡಿ. ಪ್ರತಿ ಫ್ಲ್ಯಾಗ್‌ಗೂ ಒಬ್ಬ ಹೊಣೆಗಾರರ ಹೆಸರು, ಒಂದು ಕೊನೇ ದಿನಾಂಕ ಇರಲಿ. ದಿನಾಂಕ ದಾಟಿದರೆ ಬಿಲ್ಡ್ ಎಚ್ಚರಿಕೆ ಕೊಡಲಿ. ಹತ್ತು ಫ್ಲ್ಯಾಗ್ ಇದ್ದರೆ ಸಾವಿರಕ್ಕೂ ಮೀರಿದ ಜೋಡಣೆ ಆಗುತ್ತದಲ್ವಾ ಅಂತ ಕೇಳುತ್ತಾರೆ. ಆಗುತ್ತದೆ, ಆದರೆ ಎಲ್ಲವನ್ನೂ ಪರೀಕ್ಷಿಸಬೇಕಾಗಿಲ್ಲ. ಈಗ ಪ್ರೊಡಕ್ಷನ್‌ನಲ್ಲಿರುವ ಜೋಡಣೆ ಒಂದು, ಮುಂದಿನ ಸಲ ಆನ್ ಮಾಡಲಿರುವ ಫ್ಲ್ಯಾಗ್ ಸೇರಿಸಿದ ಜೋಡಣೆ ಇನ್ನೊಂದು. ಈ ಎರಡರ ಮೇಲೆ ಟೆಸ್ಟ್ ಓಡಿದರೆ ಮಧ್ಯಮ ಗಾತ್ರದ ತಂಡಕ್ಕೆ ಸಾಕು.

ಇನ್ನು ಆ 50 ನಿಮಿಷ. 24 ಜನ ದಿನಕ್ಕೊಂದು ಮರ್ಜ್ ಮಾಡಿದರೆ 24 ಮರ್ಜ್. ಒಂದರ ಹಿಂದೊಂದು ಟೆಸ್ಟ್ ಓಡಿಸಿದರೆ 1,200 ನಿಮಿಷ, ಅಂದರೆ 20 ಗಂಟೆ. ಕೆಲಸದ ದಿನದಲ್ಲಿ ಅಷ್ಟು ಹೊತ್ತೇ ಇಲ್ಲ. ಆಗ ಏನಾಗುತ್ತೆ ಗೊತ್ತಾ? ಜನ ಟೆಸ್ಟ್ ಮುಗಿಯುವ ಮುಂಚೆ ಮರ್ಜ್ ಒತ್ತುತ್ತಾರೆ, ಇಲ್ಲವೇ ಮೂರು ದಿನದ ಕೆಲಸ ಒಟ್ಟುಮಾಡಿ ಒಂದೇ ಸಲ ಹಾಕುತ್ತಾರೆ. ಎರಡನೆಯದು ಆದರೆ ಹೆಸರು ಮಾತ್ರ ಟ್ರಂಕ್, ಒಳಗೆ ಅದೇ ಹಳೇ ಕಥೆ.

ಮರ್ಜ್‌ಗೆ ಮುಂಚಿನ ಟೆಸ್ಟ್ ಹತ್ತು ನಿಮಿಷದೊಳಗೆ ಬರಬೇಕು. ಮೊದಲು ಟೆಸ್ಟ್‌ಗಳನ್ನು ನಾಲ್ಕೈದು ಯಂತ್ರಗಳ ಮೇಲೆ ಹಂಚಿ. ಬ್ರೌಸರ್ ತೆರೆದು ಓಡುವ ನಿಧಾನದ ಟೆಸ್ಟ್‌ಗಳಲ್ಲಿ ಅತಿ ಮುಖ್ಯವಾದ ಕೆಲವನ್ನು ಉಳಿಸಿಕೊಂಡು, ಮಿಕ್ಕಿದ್ದನ್ನು ಮರ್ಜ್ ಆದಮೇಲೆ ಗಂಟೆಗೊಮ್ಮೆ `main` ಮೇಲೆ ಓಡಿಸಿ. ಒಂದು ಸಲ ಹಸಿರು, ಒಂದು ಸಲ ಕೆಂಪು ತೋರಿಸುವ ಚಂಚಲ ಟೆಸ್ಟ್‌ಗಳ ಮೇಲೆ ಕರುಣೆ ಬೇಡ. ನೂರರಲ್ಲಿ ಒಂದು ಸಲ ಸುಳ್ಳು ಹೇಳುವ ಟೆಸ್ಟ್ ನಿರುಪದ್ರವಿ ಅನಿಸುತ್ತದೆ. ಅಂಥವು ಇಪ್ಪತ್ತು ಇದ್ದರೆ ನೂರರಲ್ಲಿ 18 ಓಟ ಕಾರಣವಿಲ್ಲದೆ ಕೆಂಪಾಗುತ್ತವೆ. ಆಮೇಲೆ ಯಾರೂ ಕೆಂಪನ್ನು ನಂಬುವುದಿಲ್ಲ, "ಇನ್ನೊಂದ್ಸಲ ಓಡಿಸು" ಅನ್ನುವುದು ರೂಢಿಯಾಗುತ್ತದೆ. ಅವನ್ನು ಬೇರೆ ಪಟ್ಟಿಗೆ ಸರಿಸಿ, ಸರಿಮಾಡಿ ವಾಪಸ್ ತನ್ನಿ, ಆಗದಿದ್ದರೆ ಅಳಿಸಿ.

`main` ಕೆಂಪಾದರೆ ಏನು ಮಾಡಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ನನ್ನ ನಿಯಮ: ಹತ್ತು ನಿಮಿಷದಲ್ಲಿ ಸರಿ ಆಗದಿದ್ದರೆ `git revert`, ಕೋಡ್ ಯಾರದ್ದೇ ಆಗಿರಲಿ. ಯಾರು ಬೇಕಾದರೂ ಮಾಡಬಹುದು, ಬೇಸರ ಮಾಡಿಕೊಳ್ಳುವ ಹಾಗಿಲ್ಲ. ಮೊದಲ ತಿಂಗಳು ಬೇಸರ ಮಾಡಿಕೊಳ್ಳುತ್ತಾರೆ, ಅದೂ ನಿಜ.

ಟೆಸ್ಟ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ರಿವ್ಯೂ ಬಗ್ಗೆ ಯಾರೂ ಲೆಕ್ಕ ಹಾಕುವುದಿಲ್ಲ. ನಾಲ್ಕು ಗಂಟೆಯ ಕೆಲಸ ರಿವ್ಯೂಗೆ ಎರಡು ದಿನ ಕಾದರೆ ಆ ಬ್ರಾಂಚ್ ಎರಡೂವರೆ ದಿನದ್ದು, ನಾಲ್ಕು ಗಂಟೆಯದ್ದಲ್ಲ. ಕಾಯುವವರು ಅದರ ಮೇಲೇ ಇನ್ನೊಂದು ಬ್ರಾಂಚ್ ಕಟ್ಟುತ್ತಾರೆ, ಹೀಗೆ ಮತ್ತೆ ಸರಪಳಿ. ಬೆಳಿಗ್ಗೆ ಕುರ್ಚಿಯಲ್ಲಿ ಕೂತ ಕೂಡಲೇ ಮತ್ತು ಊಟ ಆದಮೇಲೆ, ಸ್ವಂತ ಕೋಡ್ ಮುಟ್ಟುವ ಮುಂಚೆ ಬೇರೆಯವರದ್ದು ನೋಡಬೇಕು ಅಂತ ಮಾಡಿಕೊಂಡರೆ ಬಹಳಷ್ಟು ಸರಿಹೋಗುತ್ತದೆ. ಬದಲಾವಣೆ ಇನ್ನೂರು ಸಾಲಿನೊಳಗೆ ಇದ್ದರೆ ನೋಡುವವರಿಗೂ ಮನಸ್ಸು ಬರುತ್ತದೆ.

ಇನ್ನು ನಿಮ್ಮ ಇಬ್ಬರು ದೊಡ್ಡ ಗ್ರಾಹಕರು. ಅವರಿಗೆ ಆವೃತ್ತಿ ಕೊಡುವ ದಿನ `main`ನಿಂದ ಒಂದು ರಿಲೀಸ್ ಬ್ರಾಂಚ್ ಕಡಿಯಿರಿ, ಉದಾಹರಣೆಗೆ `release/7.2`. ಅವರು ಆ ಆವೃತ್ತಿ ಬಳಸುವಷ್ಟು ದಿನ ಅದು ಬದುಕಿರಲಿ, ವರ್ಷವಾದರೂ ಸರಿ. ಅದು ಹೆದರಿಸುವ ಬ್ರಾಂಚ್ ಅಲ್ಲ, ಯಾಕೆಂದರೆ ಅದನ್ನು `main`ಗೆ ವಾಪಸ್ ಮರ್ಜ್ ಮಾಡುವುದೇ ಇಲ್ಲ. ಅಲ್ಲಿ ಬಗ್ ಕಂಡರೆ ಮೊದಲು `main`ನಲ್ಲಿ ಸರಿಮಾಡಿ, ಆಮೇಲೆ ಆ ಒಂದು ಕಮಿಟ್ ಅನ್ನು ಎತ್ತಿಕೊಂಡು ಹೋಗಿ.

```
git switch release/7.2
git cherry-pick -x 4f2a9c1
```

`-x` ಹಾಕಿದರೆ ಮೂಲ ಕಮಿಟ್ ಯಾವುದು ಅಂತ ಸಂದೇಶದಲ್ಲೇ ದಾಖಲಾಗುತ್ತದೆ. ರಾತ್ರಿ ಹತ್ತು ಗಂಟೆಗೆ ಗ್ರಾಹಕರು ಫೋನ್ ಮಾಡಿದಾಗ ರಿಲೀಸ್ ಬ್ರಾಂಚ್‌ನಲ್ಲೇ ನೇರವಾಗಿ ತಿದ್ದುವ ಆಸೆ ಆಗುತ್ತದೆ. ತಿದ್ದಿದವರು ಬೆಳಿಗ್ಗೆ ಅದನ್ನು `main`ಗೆ ತರಲು ಮರೆಯುತ್ತಾರೆ, ಮುಂದಿನ ಆವೃತ್ತಿಯಲ್ಲಿ ಅದೇ ಬಗ್ ಮತ್ತೆ ಹಾಜರು. ಆ ಕೋಡ್ `main`ನಲ್ಲಿ ಈಗ ಇಲ್ಲವೇ ಇಲ್ಲ ಅನ್ನುವಾಗ ಮಾತ್ರ ನೇರ ತಿದ್ದುಪಡಿ ಸರಿ.

ಈ ಗ್ರಾಹಕರಿಂದಾಗಿ ಮೇಲಿನ ವಿಳಾಸದ ಉದಾಹರಣೆಗೆ ಒಂದು ಷರತ್ತು ಸೇರುತ್ತದೆ. ಅವರು 7.2ರಿಂದ ನೇರವಾಗಿ 7.6ಕ್ಕೆ ಹಾರುತ್ತಾರೆ. ನಡುವಿನ ಹಂತಗಳು ಅವರ ಸರ್ವರ್‌ನಲ್ಲಿ ನಡೆದೇ ಇರುವುದಿಲ್ಲ. ನೀವು ಹಳೇ ವಿಳಾಸಗಳನ್ನು ನಕಲು ಮಾಡಿದ್ದು ಯಾರೋ ಒಂದು ಸಂಜೆ ಕೈಯಿಂದ ಓಡಿಸಿದ ಸ್ಕ್ರಿಪ್ಟ್ ಆಗಿದ್ದರೆ, ಅವರಲ್ಲಿ ಹೊಸ ಟೇಬಲ್ ಖಾಲಿ, ಹಳೇ ಕಾಲಂ ಮಾಯ. ಆದ್ದರಿಂದ ನಕಲು ಮಾಡುವ ಕೆಲಸವೂ ಮೈಗ್ರೇಷನ್‌ಗಳ ಸಾಲಿನಲ್ಲೇ ಸೇರಬೇಕು, ಮತ್ತು ಕಾಲಂ ತೆಗೆಯುವ ಮೈಗ್ರೇಷನ್, ನಕಲಾಗದ ಸಾಲು ಒಂದೇ ಒಂದು ಉಳಿದಿದ್ದರೂ ನಿಂತುಬಿಡಬೇಕು. ಇನ್ನೊಂದು: ಅವರ ಸರ್ವರ್‌ನಿಂದ ನಿಮ್ಮ ಫ್ಲ್ಯಾಗ್ ಸರ್ವಿಸ್ ಸಿಗದೇ ಇರಬಹುದು. ಮೇಲಿನ ಕೋಡ್‌ನಲ್ಲಿ `default=False` ಇಟ್ಟದ್ದು ಅದಕ್ಕೇ. ಫ್ಲ್ಯಾಗ್ ತೆಗೆಯುವ ಮುಂಚೆ ಕಡಿದ ರಿಲೀಸ್ ಬ್ರಾಂಚ್‌ನಲ್ಲಿ ಅದು ಹಳೇ ದಾರಿಯನ್ನೇ ಹಿಡಿಯುತ್ತದೆ, ಹಳೇ ಕಾಲಂ ಅಲ್ಲಿ ಇದ್ದೇ ಇರುತ್ತದೆ.

ನಿಮ್ಮ ತಂಡದಲ್ಲಿ `develop` ಪರವಾಗಿ ವಾದಿಸುವವರು ಗಿಟ್ ಫ್ಲೋ ಹೆಸರು ಹೇಳಿಯೇ ಹೇಳುತ್ತಾರೆ. `develop`, ಫೀಚರ್ ಬ್ರಾಂಚ್, ರಿಲೀಸ್ ಬ್ರಾಂಚ್ ಎಲ್ಲ ಇರುವ ಆ ಪದ್ಧತಿಯನ್ನು ವಿನ್ಸೆಂಟ್ ಡ್ರೀಸೆನ್ 2010ರಲ್ಲಿ ಬರೆದು ಪರಿಚಯಿಸಿದರು. 2020ರಲ್ಲಿ ಅವರೇ ಅದಕ್ಕೆ ಒಂದು ಟಿಪ್ಪಣಿ ಸೇರಿಸಿದರು: ನಿರಂತರವಾಗಿ ಡಿಪ್ಲಾಯ್ ಆಗುವ ವೆಬ್ ಸಾಫ್ಟ್‌ವೇರ್ ಆದರೆ ಇದಕ್ಕಿಂತ ಸರಳವಾದದ್ದನ್ನು ಹಿಡಿಯಿರಿ, ಹಲವು ಆವೃತ್ತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾದರೆ ಇದು ಇನ್ನೂ ಹೊಂದಬಹುದು ಎಂದು. ನಿಮ್ಮಲ್ಲಿ ಎರಡೂ ಇದೆ, ಹಾಗಾಗಿ ಜಗಳ ಮುಗಿಯುತ್ತಿಲ್ಲ. ಹಲವು ಆವೃತ್ತಿಯ ಕಷ್ಟ ರಿಲೀಸ್ ಬ್ರಾಂಚ್‌ನಲ್ಲೇ ಮುಗಿಯುತ್ತದೆ, ಅದಕ್ಕಾಗಿ ದಿನನಿತ್ಯದ ಕೆಲಸವನ್ನು ಮೂರು ವಾರ ಬಚ್ಚಿಡಬೇಕಾಗಿಲ್ಲ. ಟ್ರಂಕ್ ಬೇಡ ಅಂತ ನಾನೇ ಹೇಳುವುದು ಬೇರೆ ಕಡೆ: ಟೆಸ್ಟ್ ಎಲ್ಲ ಕೈಯಿಂದಲೇ ನಡೆಯುವ ತಂಡಕ್ಕೆ, ಅಥವಾ ಗುರುತು ಪರಿಚಯ ಇಲ್ಲದವರು ಕೋಡ್ ಕಳಿಸುವ ಯೋಜನೆಗೆ.

ಕ್ರಮ ಹೀಗಿರಲಿ. ಮೊದಲ ಒಂದು ತಿಂಗಳು ಬ್ರಾಂಚ್ ಪದ್ಧತಿ ಮುಟ್ಟಬೇಡಿ, ಟೆಸ್ಟ್ ವೇಗ ಮತ್ತು ಚಂಚಲ ಟೆಸ್ಟ್ ಮಾತ್ರ ನೋಡಿ. ಅದೇ ಹೊತ್ತಿಗೆ ಒಂದು ಗುಂಪು ಒಂದು ಫೀಚರ್ ಅನ್ನು ಫ್ಲ್ಯಾಗ್ ಹಿಂದೆ ಸಣ್ಣ ಸಣ್ಣ ತುಣುಕಾಗಿ `develop`ಗೇ ಹಾಕಿ ಅಭ್ಯಾಸ ಮಾಡಲಿ. ಎರಡನೇ ತಿಂಗಳು ಹೊಸ ಬ್ರಾಂಚ್‌ಗೆ ಐದು ದಿನದ ಮಿತಿ, ಆಮೇಲೆ ಎರಡು. ಈಗಾಗಲೇ ತೆರೆದಿರುವ ದೊಡ್ಡ ಬ್ರಾಂಚ್‌ಗಳನ್ನು ಅರ್ಧದಲ್ಲಿ ಒಡೆಯಲು ಹೋಗಬೇಡಿ, ಆ ಶ್ರಮ ದಂಡ. ಅವು ಹಳೇ ರೀತಿಯಲ್ಲೇ ಒಂದೊಂದಾಗಿ ಮರ್ಜ್ ಆಗಲಿ. ಕೊನೆಯದು ಸೇರಿದ ರಿಲೀಸ್ ಮುಗಿದ ಮರುದಿನ `develop` ಅನ್ನು `main`ಗೆ ಸೇರಿಸಿ ಅಳಿಸಿಬಿಡಿ. ಇಟ್ಟುಕೊಂಡರೆ ಯಾರಾದರೂ ಅದಕ್ಕೆ ಕಮಿಟ್ ಮಾಡೇ ಮಾಡುತ್ತಾರೆ.